ಸಂಜೆ ಕರೆದ ಹಾಲು ಬೆಳಗ್ಗೆ ಬಾಣಲೇಲಿ ಯಾಕೆ ಒಡೀತಿತ್ತು: ಫ್ರಿಜ್ಜು, ಬೋರ್ ನೀರು, ಏಳೂವರೆ ಕೆಜಿ ಐಸಿನ ಲೆಕ್ಕ

ನಮ್ದು ಶ್ರೀನಿವಾಸಪುರದ ಕಡೆ ಹಳ್ಳಿ. ನಾಲ್ಕು ಸೀಮೆ ಹಸು ಇದಾವೆ, ಬೆಳಗಿನ ಹಾಲು ಊರಿನ ಡೈರಿಗೆ ಹೋಗತ್ತೆ, ಸಂಜೆದು ಸುಮಾರು 20 ಲೀಟರು. ಹೋದ ಬೇಸಿಗೇಲಿ ಕೋಲಾರ ಟೌನಿನ ಒಂದು ಸ್ವೀಟ್ ಅಂಗಡಿಯವರು ಈ ಸಂಜೆ ಹಾಲನ್ನ ಬೆಳಗ್ಗೆ ತಂದ್ಕೊಡಿ, ಡೈರಿಗಿಂತ ಲೀಟರಿಗೆ ಚೂರು ಜಾಸ್ತಿ ಕೊಡ್ತೀವಿ ಅಂದ್ರು, ನಾವೂ ಖುಷಿಯಾಗಿ ಒಪ್ಕೊಂಡ್ವಿ. ಸಂಜೆ ಆರಕ್ಕೆ ಕರೆದ ಹಾಲು ಬೆಳಗ್ಗೆ ಐದೂವರೆಗೆ ಗಾಡಿ ಹತ್ತಬೇಕು, ಅಂದ್ರೆ ಹನ್ನೊಂದೂವರೆ ಗಂಟೆ ಮನೇಲೇ ಕೂತಿರತ್ತೆ. ಮೊದಲ್ನೇ ವಾರದಲ್ಲೇ ಮೂರು ಸಲ ಫೋನ್ ಬಂತು. "ಏನಣ್ಣಾ, ಬಾಣಲೆಗೆ ಹಾಕಿ ಕಾಯೋಕ್ ಮುಂಚೇನೇ ಒಡೀತಿದೆಯಲ್ಲ, ಮನೇಲಿ ಫ್ರಿಜ್ ಇಲ್ವಾ?"

ಫ್ರಿಜ್ ಇತ್ತು. ತಪ್ಪು ಆಗಿದ್ದೇ ಅಲ್ಲಿ.

ಒಳಗಿನ ತಟ್ಟೆಗಳನ್ನೆಲ್ಲಾ ಕಿತ್ತು 20 ಲೀಟರಿನ ಕ್ಯಾನನ್ನ ಹಂಗೇ ಫ್ರಿಜ್ಜಿಗೆ ತುರುಕಿ, ಬಾಗಿಲು ಹಾಕಿ, ಇನ್ನೇನು ಚಿಂತೆ ಇಲ್ಲ ಅಂತ ಮಲ್ಕೊಳ್ತಿದ್ವಿ. ಮೂರನೇ ಸಲ ಒಡೆದ ಮೇಲೆ ನಮ್ಮೂರಿನ ಡೈರೀಲಿ ಹಾಲು ಟೆಸ್ಟ್ ಮಾಡೋ ಹುಡುಗನ ಹತ್ರ ಒಂದು ಥರ್ಮಾಮೀಟರ್ ಇಸ್ಕೊಂಡು ಬಂದೆ, ಉದ್ದ ಕಡ್ಡಿ ಇರೋ ಡಿಜಿಟಲ್ದು. ಆರು ಗಂಟೆಗೆ ಕ್ಯಾನ್ ಒಳಗಿಟ್ಟಾಗ 35 ಡಿಗ್ರಿ. ರಾತ್ರಿ ಹತ್ತಕ್ಕೆ ತೆಗೆದು ನಡುಮಧ್ಯಕ್ಕೆ ಕಡ್ಡಿ ಇಳಿಸಿದ್ರೆ ಇನ್ನೂ 22! ನಾಲ್ಕು ಗಂಟೆ ಫ್ರಿಜ್ಜಲ್ಲಿ ಇದ್ದ ಹಾಲು ನಮ್ಮ ಮನೆ ಮಡಕೆ ನೀರಿನಷ್ಟು ತಣ್ಣಗಿತ್ತು ಅಷ್ಟೇ. ಕ್ಯಾನನ್ನ ಹೊರಗಿಂದ ಮುಟ್ಟಿದ್ರೆ ಮಾತ್ರ ಜುಮ್ ಅನ್ನೋ ಹಂಗೆ ತಣ್ಣಗಿತ್ತು, ಅದನ್ನ ನೋಡೇ ನಾವು ಮೋಸ ಹೋಗಿದ್ದು.

ಈಗ ಈ ನಾಲ್ಕು ಗಂಟೇಲಿ ಒಳಗೆ ಏನಾಗತ್ತೆ ನೋಡಿ. ಕೆಚ್ಚಲಿಂದ ಹೊರಗೆ ಬರೋ ಹಾಲು ಹಸುವಿನ ಮೈ ಬಿಸೀಲೇ ಇರತ್ತೆ. ಕೈ, ಕೆಚ್ಚಲಿನ ಚರ್ಮ, ಪಾತ್ರೆ, ಕೊಟ್ಟಿಗೆ ಧೂಳು, ಇವುಗಳಿಂದ ಬ್ಯಾಕ್ಟೀರಿಯಾ ಬಿದ್ದೇ ಬೀಳತ್ತೆ, ಎಷ್ಟು ಕ್ಲೀನ್ ಮಾಡಿದ್ರೂ ಕೆಲವು ಸಾವಿರ ಇರತ್ತೆ ಒಂದೊಂದು ಎಂಎಲ್‌ನಲ್ಲಿ. ಆಗತಾನೇ ಕರೆದ ಹಾಲಿಗೆ ಅವನ್ನ ತಡೆಯೋ ಒಂದು ಸ್ವಂತ ಶಕ್ತಿ ಇದೆ, ಆದ್ರೆ ಬೆಚ್ಚಗಿರೋ ಹಾಲಲ್ಲಿ ಅದು ಎರಡು ಗಂಟೆ ಆಸುಪಾಸು ನಡೆಯತ್ತೆ, ಆಮೇಲೆ ಮುಗೀತು. ಅಲ್ಲಿಂದ ಮುಂದೆ 30-35 ಡಿಗ್ರೀಲಿ 20-30 ನಿಮಿಷಕ್ಕೊಂದು ಸಲ ಡಬಲ್ ಆಗ್ತಾ ಹೋಗತ್ತೆ. ಅರ್ಧ ಗಂಟೆಗೆ ಒಂದು ಡಬಲ್ ಅಂತಾನೇ ಇಟ್ಕೊಳ್ಳಿ, ಮೂರು ಗಂಟೇಲಿ ಆರು ಸಲ ಡಬಲ್ಲು, ಒಂದು ಇದ್ದಿದ್ದು 64 ಆಗತ್ತೆ, ಐದು ಗಂಟೇಲಿ ಸಾವಿರ ದಾಟತ್ತೆ. ಇವು ಹಾಲಿನ ಸಕ್ಕರೆ ತಿಂದು ಹುಳಿ ಬಿಡ್ತಾವೆ, ಮೊಸರಿಗೆ ಹೆಪ್ಪು ಹಾಕಿದಾಗ ಆಗೋದೇ ಇದು. ತಣ್ಣಗಿದ್ದಾಗ ಆ ಹುಳಿ ಮೂಗಿಗೂ ಗೊತ್ತಾಗಲ್ಲ ನಾಲಿಗೆಗೂ ಗೊತ್ತಾಗಲ್ಲ, ಹಾಲು ಹಾಲಿನ ಹಂಗೇ ಇರತ್ತೆ, ಬೆಂಕಿ ಮೇಲೆ ಇಟ್ಟ ತಕ್ಷಣ ಬಣ್ಣ ಬಯಲು. ನಾವು ಮನೇಲಿ ಕುಡಿದು ನೋಡಿ ಚೆನ್ನಾಗೇ ಇದೆಯಲ್ಲ ಅಂತ ಅಂಗಡಿಯವರ ಮೇಲೇ ಅನುಮಾನ ಪಟ್ಟಿದ್ವಿ, ಅದನ್ನೂ ಹೇಳ್ಬಿಡ್ತೀನಿ.

ಎಷ್ಟು ಡಿಗ್ರಿಗೆ ಇಳಿಸಿದ್ರೆ ಸಾಕು ಅನ್ನೋದಕ್ಕೆ ಒಂದು ಹಳೇ ಪರೀಕ್ಷೆ ಇದೆ, ಡೈರಿ ಪಾಠಗಳಲ್ಲಿ ಬರೋದು. ಒಂದು ಎಂಎಲ್‌ಗೆ ಸುಮಾರು 4 ಸಾವಿರ ಬ್ಯಾಕ್ಟೀರಿಯಾ ಇರೋ ಒಳ್ಳೇ ಕ್ಲೀನ್ ಹಾಲನ್ನ ಬೇರೆ ಬೇರೆ ತಂಪಲ್ಲಿ ಒಂದು ದಿನ ಇಟ್ಟು ಎಣಿಸಿದ್ರು. 4-5 ಡಿಗ್ರೀಲಿ ಇದ್ದಿದ್ದು ಹೆಚ್ಚೂಕಮ್ಮಿ ಅಷ್ಟೇ ಇತ್ತು. 10 ಡಿಗ್ರೀಲಿ ಇದ್ದಿದ್ದು 14 ಸಾವಿರ ಆಯ್ತು. 15ರ ಮೇಲೆ ಚೂರು ಇದ್ದಿದ್ದು 15 ಲಕ್ಷ ದಾಟ್ತು. ಹತ್ತಕ್ಕೂ ಹದಿನೈದಕ್ಕೂ ಕೈಗೆ ವ್ಯತ್ಯಾಸಾನೇ ಗೊತ್ತಾಗಲ್ಲ, ಎರಡೂ ತಣ್ಣಗೇ, ಆದ್ರೆ ಲೆಕ್ಕದಲ್ಲಿ ನೂರು ಪಟ್ಟು ವ್ಯತ್ಯಾಸ. ಅದಕ್ಕೇ ನಮ್ಮಂಥೋರು ಇಟ್ಕೋಬೇಕಾದ ಗುರಿ 10 ಡಿಗ್ರಿ, ಅದೂ ಕರೆದ ಎರಡು ಗಂಟೆ ಒಳಗೆ, ಆ ಸ್ವಂತ ಶಕ್ತಿ ಇನ್ನೂ ಕೆಲಸ ಮಾಡ್ತಿರುವಾಗಲೇ. 4 ಡಿಗ್ರಿ ಅನ್ನೋದು ಡೈರಿಯ ದೊಡ್ಡ ಕೂಲರ್‌ಗೆ ಸರಿ, ನಮ್ಮ ಐಸಿನ ಟಬ್ಬಲ್ಲಿ ಅಷ್ಟಕ್ಕೆ ಒದ್ದಾಡೋದು ಬೇಡ, ಹತ್ತಕ್ಕೆ ಬಂದ್ರೆ ಮಿಕ್ಕಿದ್ದು ನಿಧಾನಕ್ಕೆ ಇಳ್ಕೊಳತ್ತೆ.

ಫ್ರಿಜ್ಜಿಗೆ ಯಾಕೆ ಆಗಲ್ಲ ಅಂದ್ರೆ ಎರಡು ಕಾರಣ. ಒಂದು, ಮನೆ ಫ್ರಿಜ್ಜಿನ ಮಶೀನು ಚಿಕ್ಕದು, ಅದನ್ನ ಮಾಡಿರೋದು ತಣ್ಣಗಿರೋದನ್ನ ತಣ್ಣಗೇ ಇಡೋಕೆ, 20 ಲೀಟರ್ ಬಿಸೀನ ಹೊರಗೆ ಎತ್ತಿ ಹಾಕೋಕೆ ಅಲ್ಲ. ಇನ್ನೊಂದು, ಕ್ಯಾನಿನ ಸುತ್ತ ಇರೋದು ಗಾಳಿ. ಗಾಳಿ ಬಿಸೀನ ಎಳ್ಕೊಳ್ಳೋದ್ರಲ್ಲಿ ಮಹಾ ಸೋಂಬೇರಿ. ನಿಂತ ಗಾಳಿಗಿಂತ ನೀರು ಬಿಸೀನ 20 ಪಟ್ಟಿಗೂ ಮೇಲೆ ಸಲೀಸಾಗಿ ಸಾಗಿಸತ್ತೆ. 28 ಡಿಗ್ರಿ ಇರೋ ಸಂಜೆ ಅದೇ ಕ್ಯಾನನ್ನ ಜಗಲಿ ಮೇಲೆ ಇಟ್ರೆ ಒಂದು ಡಿಗ್ರಿ ಇಳಿಯೋಕೆ ಮುಕ್ಕಾಲು ಗಂಟೆ ಬೇಕು. ಅದಕ್ಕಿಂತ ಚೂರು ತಣ್ಣಗಿರೋ ನೀರಲ್ಲಿ ನಿಲ್ಲಿಸಿ ಕದಡ್ತಾ ಇದ್ರೆ ಮೊದಮೊದಲು ಎರಡು-ಮೂರು ನಿಮಿಷಕ್ಕೆ ಒಂದು ಡಿಗ್ರಿ ಇಳಿಯತ್ತೆ. ಮಗುಗೆ ಹಾಲು ಆರಿಸೋವಾಗ ಲೋಟಾನ ನೀರಿನ ಬೋಗುಣೀಲಿ ಇಟ್ಟು ತಿರುಗಿಸ್ತಾರಲ್ಲ ನಮ್ಮ ಹೆಂಗಸ್ರು, ಅಷ್ಟೇ ವಿಷಯ, ಅದನ್ನ ದೊಡ್ಡದಾಗಿ ಮಾಡ್ಬೇಕು.

ಹಂಗಾಗಿ ನಾವು ಈಗ ಎರಡು ಹಂತದಲ್ಲಿ ಮಾಡ್ತೀವಿ, ಮೊದಲು ಬರೀ ನೀರು, ಆಮೇಲೆ ಐಸು. ನೇರವಾಗಿ ಐಸಿಗೆ ಯಾಕೆ ಹಾಕಲ್ಲ ಅಂದ್ರೆ 35ರಿಂದ 29ರವರೆಗಿನ ಬಿಸೀನ ಬೋರ್ ನೀರು ಪುಕ್ಕಟೆ ತೆಗೆಯತ್ತೆ, ಐಸಿಗೆ ದುಡ್ಡು ಕೊಡಬೇಕು.

ಮೊದಲ್ನೇ ಹಂತಕ್ಕೆ ಕೊಟ್ಟಿಗೆ ಪಕ್ಕ ನೆರಳಲ್ಲಿ ಒಂದು ಸಿಮೆಂಟ್ ತೊಟ್ಟಿ ಇದೆ, ಅದಕ್ಕೆ 60 ಲೀಟರ್ ನೀರು. ಹಾಲಿನ ಮೂರರಷ್ಟು. ಯಾಕೆ ಮೂರರಷ್ಟು ಅಂದ್ರೆ, ಹಾಲಿನಷ್ಟೇ ನೀರು ಇದ್ರೆ ಎರಡೂ ಸೇರಿ 30-31ಕ್ಕೆ ನಿಂತೋಗತ್ತೆ, ಮೂರರಷ್ಟಿದ್ರೆ 28ರ ಹತ್ರ ಬರತ್ತೆ, ಐದರಷ್ಟು ಹಾಕಿದ್ರೂ ಅದಕ್ಕಿಂತ ಇಳಿಯೋದು ಒಂದು ಡಿಗ್ರೀನೂ ಇಲ್ಲ. ನಮ್ಮ ಕಡೆ ನೀರಿನ ಪರಿಸ್ಥಿತಿ ಗೊತ್ತಲ್ಲ, ಸಾವಿರ ಅಡಿ ಕೆಳಗಿಂದ ಎತ್ತಿದ ನೀರು, ಒಂದು ಬಿಂದಿಗೆ ಜಾಸ್ತಿ ಸುರಿಯೋಕೂ ಮನಸ್ಸು ಬರಲ್ಲ. ಈ 60 ಲೀಟರೂ ದಂಡ ಆಗಲ್ಲ, ಉಗುರು ಬೆಚ್ಚಗಾದ ಆ ನೀರನ್ನೇ ಆಮೇಲೆ ಕೊಟ್ಟಿಗೆ ತೊಳೆಯೋಕೆ ಹಾಕ್ತೀವಿ.

ಇಲ್ಲಿ ಒಂದು ಎಡವಟ್ಟು ಆಗತ್ತೆ, ನಮಗೂ ಆಯ್ತು. ಮಾಳಿಗೆ ಮೇಲಿನ ಕರೀ ಪ್ಲಾಸ್ಟಿಕ್ ಟ್ಯಾಂಕಿನ ನೀರು ಬಿಟ್ಕೊಂಡ್ವಿ. ಏಪ್ರಿಲ್ ಸಂಜೆ ಐದೂವರೇಲಿ ಆ ನೀರು 37 ಡಿಗ್ರಿ ಇತ್ತು! ಹಾಲಿಗಿಂತ ನೀರೇ ಬಿಸಿ, ಅರ್ಧ ಗಂಟೆ ಕ್ಯಾನನ್ನ ಅದರಲ್ಲಿ ನಿಲ್ಲಿಸಿ ಕಾಯ್ತಾ ಕೂತಿದ್ದೆ, ಥರ್ಮಾಮೀಟರ್ ನೋಡಿದ್ರೆ ಇಳಿಯೋ ಬದಲು ಏರಿದೆ. ನೀರು ನೆಲದೊಳಗಿನ ಸಂಪಿಂದ ತಗೋಬೇಕು, ಇಲ್ಲಾ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಬೋರಿಂದ ನೇರವಾಗಿ ತೊಟ್ಟಿಗೆ ಬಿಟ್ಕೊಂಡು ಮೇಲೆ ಮುಚ್ಚಿ ನೆರಳಲ್ಲಿ ಇಟ್ಟಿರಬೇಕು. ಸಂಪಿನ ನೀರು ನಮ್ಮಲ್ಲಿ ಬೇಸಿಗೇಲೂ 26 ಆಸುಪಾಸೇ ಇರತ್ತೆ.

20 ಲೀಟರಿನ ಒಂದು ಕ್ಯಾನ್ ಬದಲು ಈಗ 10 ಲೀಟರಿಂದು ಎರಡು ತಗೊಂಡಿದೀವಿ. ಅಷ್ಟೇ ಹಾಲು ಎರಡು ಕಡೆ ಹಂಚಿದ್ರೆ ನೀರು ತಾಗೋ ಗೋಡೆ ಜಾಸ್ತಿ ಆಗತ್ತೆ, ನಡುಮಧ್ಯದ ಹಾಲಿಂದ ಗೋಡೆಗೆ ದೂರಾನೂ ಕಮ್ಮಿ ಆಗತ್ತೆ. ಸ್ಟೀಲಾ ಅಲ್ಯೂಮಿನಿಯಮ್ಮಾ ಅಂತ ಜನ ವಾದ ಮಾಡ್ತಾರೆ, ಅಲ್ಯೂಮಿನಿಯಂ ಬೇಗ ತಣ್ಣಗಾಗತ್ತೆ ಅಂತ. ಲೋಹದ ಗೋಡೆ ಅಷ್ಟು ತೆಳ್ಳಗಿರುವಾಗ ಯಾವುದಾದ್ರೂ ಒಂದೇ, ಒಂದು ನಿಮಿಷದ ವ್ಯತ್ಯಾಸಾನೂ ಬರಲ್ಲ. ಪ್ಲಾಸ್ಟಿಕ್ ಕ್ಯಾನ್ ಮಾತ್ರ ಬೇಡ, ಅದರ ದಪ್ಪ ಗೋಡೆ ಕಂಬಳಿ ಹೊದಿಸಿದಂಗೆ, ಚೆನ್ನಾಗಿ ಕದಡಿದ್ರೂ ಟೈಮು ಹೆಚ್ಚೂಕಮ್ಮಿ ಡಬಲ್ ಆಗತ್ತೆ, ಅದರ ಮೇಲೆ ಒಳಗಿನ ಗೀರುಗಳಲ್ಲಿ ಜಿಡ್ಡು ಕೂತ್ರೆ ಯಾವ ಬ್ರಷ್ಷಿಗೂ ಬರಲ್ಲ.

ಎಲ್ಲಾ ಹಸು ಕರೆದು ಮುಗಿಯೋ ತನಕ ಕಾಯೋದೂ ಬೇಡ. ನಾಲ್ಕು ಹಸು ಕರೆಯೋಕೆ ನಮ್ಗೆ ಮುಕ್ಕಾಲು ಗಂಟೆ ಹಿಡಿಯತ್ತೆ, ಮೊದಲ್ನೇ ಹಸುವಿನ ಹಾಲು ಅಷ್ಟು ಹೊತ್ತು ಬೆಚ್ಚಗೆ ಕೂತಿರತ್ತಲ್ಲ. ಎರಡು ಹಸು ಆದ ತಕ್ಷಣ ಒಂದು ಕ್ಯಾನಿಗೆ ಸೋಸಿ ತೊಟ್ಟಿಗೆ ಇಳಿಸ್ತೀವಿ. ಸೋಸೋದು ಬಿಸಿ ಇದ್ದಾಗಲೇ ಆಗಬೇಕು, ತಣ್ಣಗಾದ ಮೇಲೆ ಕೊಬ್ಬು ಗಟ್ಟಿಯಾಗಿ ಬಟ್ಟೆ ಕಟ್ಕೊಳತ್ತೆ. ತೊಟ್ಟೀಲಿ ಹೊರಗಿನ ನೀರು ಒಳಗಿನ ಹಾಲಿನ ಮಟ್ಟಕ್ಕಿಂತ ಒಂದು ಬೆರಳು ಮೇಲಿರಲಿ, ಕ್ಯಾನಿನ ಕತ್ತಿಗೆ ಮಾತ್ರ ಬರಬಾರ್ದು. ಮೇಲುಗಡೆ ಹಾಲಿಗೆ ನೀರು ತಾಗದಿದ್ರೆ ಅಷ್ಟು ಭಾಗ ಬೆಚ್ಚಗೇ ಉಳಿಯತ್ತೆ. ಇನ್ನೊಂದು, ಅರ್ಧ ತುಂಬಿದ ಕ್ಯಾನನ್ನ ಆಳ ನೀರಿಗೆ ಇಳಿಸಿದ್ರೆ ಅದು ತೇಲಿ ವಾಲತ್ತೆ. ಒಂದಿನ ಹಂಗೇ ವಾಲಿ ಅರ್ಧ ಲೀಟರ್ ತೊಟ್ಟಿ ನೀರು ಹಾಲಿಗೆ ಸೇರ್ತು, ಅವತ್ತಿನ ಹಾಲು ಕರುಗಳ ಪಾಲು. ಕಮ್ಮಿ ಹಾಲಿದ್ರೆ ನೀರಿನ ಮಟ್ಟಾನೂ ಇಳಿಸಿ, ಇಲ್ಲಾ ಕ್ಯಾನನ್ನ ಹಗ್ಗ ಹಾಕಿ ಕಟ್ಟಿ.

ಈಗ ಕದಡೋದು. ಜನ ಇದನ್ನೇ ಬಿಟ್ಬಿಡ್ತಾರೆ, ನಂಗೆ ಕೇಳಿದ್ರೆ ಐಸಿಗಿಂತ ಮುಖ್ಯ ಇದೇ. ಸುಮ್ನೆ ನಿಲ್ಲಿಸಿದ ಹಾಲಲ್ಲಿ ಗೋಡೆ ಪಕ್ಕದ್ದು ತಣ್ಣಗಾಗಿ ಭಾರ ಆಗಿ ತಳಕ್ಕೆ ಇಳಿಯತ್ತೆ, ಬೆಚ್ಚಗಿರೋದು ಕೆನೆ ಜೊತೆ ಮೇಲೆ ಹೋಗಿ ಕೂರತ್ತೆ. ನಾನು ಒಂದು ಸಲ ಬೇಕಂತಲೇ ಕದಡದೆ ಐಸ್ ನೀರಲ್ಲಿ ಅರ್ಧ ಗಂಟೆ ಬಿಟ್ಟು ಅಳೆದೆ, ತಳದಲ್ಲಿ 12, ಮೇಲೆ 21. ಒಂದೇ ಕ್ಯಾನಲ್ಲಿ ಒಂಬತ್ತು ಡಿಗ್ರಿ ಫರಕು! ತಳದ್ದು ಅಳೆದು ನಿಶ್ಚಿಂತೆಯಾಗಿ ಮಲಗಿದ್ರೆ ಮೇಲಿನ ಹಾಲು ರಾತ್ರಿಯೆಲ್ಲಾ ಹೆಪ್ಪಿನ ಕೆಲಸ ಮಾಡಿರತ್ತೆ. ಅದಕ್ಕೆ ಒಂದು ಉದ್ದ ಸ್ಟೀಲ್ ಕೋಲು, ತುದೀಲಿ ತೂತು ತೂತಿನ ಬಿಲ್ಲೆ ಬೆಸುಗೆ ಹಾಕ್ಸಿದ್ದು, ಇದ್ರೆ ಒಳ್ಳೇದು. ಎರಡು-ಮೂರು ನಿಮಿಷಕ್ಕೊಂದು ಸಲ ಹತ್ತು ಸಲ ಮೇಲೆ ಕೆಳಗೆ, ನಿಧಾನಕ್ಕೆ, ಬಿಲ್ಲೆ ಹಾಲಿಂದ ಹೊರಗೆ ಬರದಂಗೆ. ನೊರೆ ಬರೋ ಹಂಗೆ ಕಡೀಬಾರ್ದು, ಬೆಚ್ಚಗಿನ ಹಸಿ ಹಾಲನ್ನ ಜೋರಾಗಿ ಕಡೆದ್ರೆ ಅದರ ಕೊಬ್ಬಿನ ಹನಿಗಳು ಒಡೆದು ಕನರು ವಾಸನೆ ಬರತ್ತೆ, ಆಮೇಲೆ ಅದಕ್ಕೆ ಯಾವ ತಂಪೂ ಔಷಧಿ ಅಲ್ಲ. ಆ ಕೋಲೂ ಕ್ಯಾನಿನಷ್ಟೇ ಕ್ಲೀನ್ ಇರಬೇಕು, ಕೊಟ್ಟಿಗೆ ಗೋಡೆಗೆ ಒರಗಿಸಿಟ್ಟಿದ್ದನ್ನ ತಂದು ಅದ್ದಿದ್ರೆ ಹೊಸ ಹೆಪ್ಪು ಹಾಕಿದಂಗೆ. ಹೊರಗಿನ ನೀರನ್ನೂ ಕೈಯಲ್ಲಿ ಆಗಾಗ ಅಲ್ಲಾಡಿಸಿ, ಕ್ಯಾನಿಗೆ ಅಂಟ್ಕೊಂಡಿರೋ ನೀರು ಬೆಚ್ಚಗಾಗಿ ಅಲ್ಲೇ ನಿಂತಿರತ್ತೆ.

ಹಿಂಗೆ ಮಾಡಿದ್ರೆ 25 ನಿಮಿಷದಲ್ಲಿ ಹಾಲು 29ಕ್ಕೆ ಬರತ್ತೆ. ಅಲ್ಲಿಂದ ಮುಂದೆ ಆ ನೀರಲ್ಲಿ ಇಟ್ಟು ಲಾಭ ಇಲ್ಲ, ಐಸಿನ ಟಬ್ಬಿಗೆ ಹೋಗಬೇಕು.

ಐಸಿನ ಲೆಕ್ಕ ಸ್ವಲ್ಪ ನಿಧಾನಕ್ಕೆ ಓದಿ, ಇದು ಗೊತ್ತಾದ ಮೇಲೆ ನಮ್ಮ ಐಸಿನ ಖರ್ಚು ಅರ್ಧಕ್ಕೆ ಇಳೀತು. ಒಂದು ಕೆಜಿ ಐಸ್ ಕರಗೋವಾಗ ಎಳ್ಕೊಳ್ಳೋ ಬಿಸಿ ಎಷ್ಟು ಅಂದ್ರೆ, 80 ಲೀಟರ್ ನೀರನ್ನ ಒಂದು ಡಿಗ್ರಿ ಇಳಿಸೋವಷ್ಟು. ಹಾಲು ಹತ್ತಕ್ಕೆ ಬರಬೇಕಂದ್ರೆ ಸುತ್ತಲಿನ ನೀರು ಅದಕ್ಕಿಂತ ಚೂರು ಕೆಳಗೆ, 8ರಲ್ಲಿ ಇರಬೇಕು, ಕರಗಿದ ಆ ನೀರು ಸೊನ್ನೆಯಿಂದ 8 ಡಿಗ್ರಿವರೆಗೆ ಬರೋವಾಗ ಇನ್ನೊಂದು 8. ಒಟ್ಟು 88 ಅಂತ ಇಟ್ಕೊಳ್ಳಿ. ಈಗ ಹಾಲು 20 ಲೀಟರು, 29ರಿಂದ 10ಕ್ಕೆ ಬರಬೇಕು, 19 ಡಿಗ್ರಿ. ಇಪ್ಪತ್ತು ಹತ್ತೊಂಬತ್ಲೆ 380. ಹಾಲು ನೀರಿಗಿಂತ ಒಂಚೂರು ಕಮ್ಮಿನೇ ಬಿಸಿ ಹಿಡಿಯತ್ತೆ, ಆದ್ರೂ 380 ಅಂತಲೇ ಇರಲಿ. 380ನ 88ರಿಂದ ಭಾಗಿಸಿದ್ರೆ ನಾಲ್ಕೂಕಾಲು ಕೆಜಿ ಐಸು. ಇಷ್ಟೇ ಅಂತ ಅನ್ಕೊಂಡು ನಾನು ಐದು ಕೆಜಿ ತಂದು ದೊಡ್ಡ ಟಬ್ಬಿಗೆ ಸುರಿದೆ, 40 ಲೀಟರ್ ನೀರಿತ್ತು ಅದರಲ್ಲಿ, ಐಸೆಲ್ಲಾ ಕರಗೋಯ್ತು, ಹಾಲು 20ರಿಂದ ಕೆಳಗೆ ಬರ್ಲೇ ಇಲ್ಲ.

ಯಾಕೆ? ಟಬ್ಬಿನ ನೀರೂ ತಣ್ಣಗಾಗಬೇಕಲ್ಲ. 26ರ ನೀರು 40 ಲೀಟರ್, ಅದನ್ನ 8ಕ್ಕೆ ಇಳಿಸೋಕೆ 18 ನಲವತ್ಲೆ 720, ಅಂದ್ರೆ ಬರೀ ನೀರಿಗೇ ಎಂಟು ಕೆಜಿ ಐಸು. ಹಾಲಿಗಿಂತ ನೀರೇ ಡಬಲ್ ಐಸ್ ತಿಂತಿತ್ತು! ಮೊದಲ್ನೇ ಹಂತದಲ್ಲಿ ನೀರು ಜಾಸ್ತಿ ಇದ್ರೆ ಒಳ್ಳೇದು, ಎರಡನೇ ಹಂತದಲ್ಲಿ ಕಮ್ಮಿ ಇದ್ದಷ್ಟೂ ಒಳ್ಳೇದು, ಪೂರ್ತಿ ಉಲ್ಟಾ. ಆದ್ರೆ ನೀರೇ ಇಲ್ಲದೆ ಬರೀ ಐಸ್ ತುಂಡು ಜೋಡಿಸಿದ್ರೂ ಆಗಲ್ಲ, ತುಂಡುಗಳ ಮಧ್ಯೆ ಮತ್ತೆ ಗಾಳಿ ಬರತ್ತೆ, ಗೋಡೆಗೆ ಸರಿಯಾಗಿ ತಾಗಲ್ಲ. ಸಂದುಗಳನ್ನ ತುಂಬೋವಷ್ಟು ನೀರು ಸಾಕು.

ಅದಕ್ಕೇ ಕ್ಯಾನಿಗೆ ಅಳತೆ ಮಾಡಿದಂಥ ಟಬ್ ಹುಡುಕಿದ್ವಿ. ಎರಡು ಕ್ಯಾನ್ ಪಕ್ಕಪಕ್ಕ ನಿಂತ್ರೆ ಸುತ್ತ ನಾಲ್ಕು ಬೆರಳು ಜಾಗ ಉಳಿಯತ್ತೆ, ಅಷ್ಟೇ. ಟೊಮೇಟೊ ತುಂಬೋ ಕ್ರೇಟ್ ಇರತ್ತಲ್ಲ, ಹೆಚ್ಚೂಕಮ್ಮಿ ಆ ಸೈಜು, ತೂತಿಲ್ಲದ್ದು. ಅದರಲ್ಲಿ 15 ಲೀಟರ್ ನೀರು ಹಿಡಿಯತ್ತೆ. ಲೆಕ್ಕ: ನೀರಿಗೆ ಹದಿನೈದು ಹದಿನೆಂಟ್ಲೆ 270, ಹಾಲಿಗೆ 380, ಒಟ್ಟು 650, ಭಾಗಿಸು 88, ಏಳು ಕೆಜಿ ಚಿಲ್ಲರೆ. ಹೊರಗಿನ ಗಾಳಿಯಿಂದ ಬರೋ ಬಿಸೀಗೂ ಸೇರಿಸಿ ಏಳೂವರೆ. ಮೊದಲ್ನೇ ಹಂತ ಬಿಟ್ಟು ನೇರವಾಗಿ 35ರ ಹಾಲನ್ನ ಇದಕ್ಕೆ ಇಳಿಸಿದ್ರೆ ಇನ್ನೂ ಒಂದೂವರೆ ಕೆಜಿ ಬೇಕು. ಹಾಲು ಹತ್ತಕ್ಕೆ ಬಂದ ಮೇಲೂ ಟಬ್ಬಿನ ನೀರು 8 ಇರತ್ತೆ, ಅದನ್ನ ಚೆಲ್ಲಬೇಡಿ, ಥರ್ಮಾಕೋಲ್ ಮುಚ್ಚಿ ಇಟ್ರೆ ನಾಳೆ ಸಂಜೆಗೂ 26ಕ್ಕಿಂತ ಸಾಕಷ್ಟು ಕೆಳಗೇ ಇರತ್ತೆ, ಅಷ್ಟು ಐಸು ಉಳೀತು. ಎರಡು ದಿನಕ್ಕಿಂತ ಜಾಸ್ತಿ ಇಟ್ಕೋಬೇಡಿ, ಲೋಳೆ ಕಟ್ಟತ್ತೆ.

ಐಸ್ ಎಲ್ಲಿಂದ? ಟೌನಲ್ಲಿ ಮೀನಿನ ಅಂಗಡಿಗೆ ಐಸ್ ಹಾಕೋರ ಹತ್ರ ಗಡ್ಡೆ ಸಿಗತ್ತೆ, ಶುರೂನಲ್ಲಿ ಅದನ್ನೇ ತರ್ತಿದ್ವಿ. ಆ ಐಸು ಕುಡಿಯೋ ನೀರಿಂದಲ್ಲ, ಹಾಲಿಗೆ ತಾಗೋ ಮಾತೇ ಇಲ್ಲ. ಕೆಲವರು ಒಳ್ಳೇ ನೀರಿನ ಐಸು ಅಂತ ನೇರವಾಗಿ ಹಾಲಿಗೇ ಹಾಕ್ತಾರೆ, ಅದು ನೀರು ಬೆರೆಸಿದಂಗೇ, ಟೆಸ್ಟಲ್ಲಿ ಎಸ್‌ಎನ್‌ಎಫ್, ಅಂದ್ರೆ ಕೊಬ್ಬು ಬಿಟ್ಟು ಹಾಲಲ್ಲಿರೋ ಮಿಕ್ಕ ಗಟ್ಟಿ ಅಂಶ, ಬಿದ್ದೇ ಬೀಳತ್ತೆ. ಈಗ ನಾವು ಹಳೇ ಚಿಕ್ಕ ಡೀಪ್ ಫ್ರೀಜರ್ ಒಂದು ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ಲೀಟರಿನ ನಾಲ್ಕು ಜ್ಯೂಸ್ ಬಾಟಲಿ ನೀರು ತುಂಬಿಸಿ ದಿನಾ ಗಡ್ಡೆ ಕಟ್ಟಿಸ್ತೀವಿ. ಬಾಟಲೀನ ಕತ್ತಿನವರೆಗೆ ತುಂಬಬೇಡಿ, ಗಡ್ಡೆ ಕಟ್ಟಿದಾಗ ನೀರು ಹಿಗ್ಗತ್ತೆ, ನಾಲ್ಕು ಬೆರಳು ಖಾಲಿ ಬಿಡಿ. ಬಾಟಲಿ ಐಸು ಪುಡಿ ಐಸಿಗಿಂತ ನಿಧಾನ, ಪ್ಲಾಸ್ಟಿಕ್ ಅಡ್ಡ ಇರತ್ತಲ್ಲ, ಅದಕ್ಕೆ ಟಬ್ಬಿನ ನೀರನ್ನ ಜಾಸ್ತಿ ಕದಡಬೇಕು, ಹತ್ತು-ಹದಿನೈದು ನಿಮಿಷ ಜಾಸ್ತಿ ಹಿಡಿಯತ್ತೆ. ಆದ್ರೆ ಅದೇ ನೀರು ಮತ್ತೆ ಮತ್ತೆ ಗಡ್ಡೆ ಆಗತ್ತೆ, ಟಬ್ಬಲ್ಲಿ ನೀರು ಏರಲ್ಲ, ಕ್ಯಾನಿನ ಕತ್ತಿಗೆ ಬರೋ ಭಯ ಇಲ್ಲ. ಉಪ್ಪು ಹಾಕಿದ್ರೆ ಇನ್ನೂ ತಣ್ಣಗಾಗತ್ತೆ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಕುಲ್ಫಿ ಮಾಡೋರಿಗೆ ಅದು ಸರಿ, ನಮ್ಗೆ ಗೋಡೆ ಪಕ್ಕ ಹಾಲು ಗಡ್ಡೆ ಕಟ್ಟತ್ತೆ, ಕ್ಯಾನೂ ತಿಂದೋಗತ್ತೆ.

ಒಂದು ಸಂಜೆ ಪೂರ್ತಿ ನಾನು ಬರೆದಿಟ್ಟಿದ್ದು ಹಿಂಗಿದೆ. 5:50ಕ್ಕೆ ಮೊದಲ್ನೇ ಕ್ಯಾನ್ ತೊಟ್ಟಿಗೆ, 35 ಡಿಗ್ರಿ. 6:10ಕ್ಕೆ ಎರಡನೇದು. 6:35ಕ್ಕೆ ಎರಡೂ 29ರ ಹತ್ರ, ಐಸ್ ಟಬ್ಬಿಗೆ. 6:50ಕ್ಕೆ 19. ಏಳು ಗಂಟೆಗೆ ನಾನು ಹುಲ್ಲು ಹಾಕೋಕೆ ಹೋದೆ, ಅಮ್ಮ ಕದಡೋಕೆ ಮರೆತ್ರು, ಹತ್ತು ನಿಮಿಷ ಸುಮ್ನೆ ನಿಂತಿತ್ತು, 7:10ಕ್ಕೆ ಕದಡಿ ಅಳೆದ್ರೆ 14. 7:25ಕ್ಕೆ 10. ಮೊದಲ್ನೇ ಕ್ಯಾನಿಂದ ಲೆಕ್ಕ ಹಾಕಿದ್ರೂ ಒಂದೂ ಮುಕ್ಕಾಲು ಗಂಟೆ ಒಳಗೇ ಆಯ್ತು. ಹತ್ತಕ್ಕೆ ಹತ್ರ ಬಂದಂಗೆ ನಿಧಾನ ಆಗತ್ತೆ, ಹಾಲಿಗೂ ಟಬ್ಬಿನ ನೀರಿಗೂ ಫರಕು ಕಮ್ಮಿ ಆಗ್ತಾ ಬರತ್ತಲ್ಲ, ಅಲ್ಲಿ ತಾಳ್ಮೆ ಕಳ್ಕೊಂಡು 14ಕ್ಕೇ ಸಾಕು ಅಂತ ಎತ್ತಿದ್ರೆ ಆ 15 ಲಕ್ಷದ ಕಥೆ ನೆನಪಿರಲಿ.

ಫ್ರಿಜ್ಜು ಬರೋದು ಈಗ. ಹತ್ತಕ್ಕೆ ಬಂದ ಎರಡು ಕ್ಯಾನನ್ನ ಹೊರಗೆ ಒರೆಸಿ ಫ್ರಿಜ್ಜಿಗೆ ಇಟ್ರೆ, ಅದೇ ಬಡಪಾಯಿ ಮಶೀನು ಬೆಳಗ್ಗೆ ಹೊತ್ತಿಗೆ 5-6ಕ್ಕೆ ಇಳಿಸಿರತ್ತೆ. ಫ್ರಿಜ್ ಇಲ್ದೋರು ಟಬ್ಬಲ್ಲೇ ಬಿಡಬಹುದು, ಆದ್ರೆ ಬರೀ ಗೋಣಿ ಮುಚ್ಚಿದ್ರೆ ಸಾಲಲ್ಲ, ಗಂಟೆಗೆ ಮುಕ್ಕಾಲು ಕೆಜಿ ಐಸ್ ಸುಮ್ನೆ ಕರಗತ್ತೆ. ಎರಡು ಇಂಚಿನ ಥರ್ಮಾಕೋಲ್ ಹಾಳೆ ತಳಕ್ಕೆ, ನಾಲ್ಕೂ ಕಡೆಗೆ, ಮೇಲಕ್ಕೆ ಸಂದಿಲ್ಲದಂಗೆ ಕಟ್ಟಿದ್ರೆ ರಾತ್ರಿಯೆಲ್ಲಾ ಏರೋದು ಎರಡು ಡಿಗ್ರಿ ಅಷ್ಟೇ, ಮಲಗೋ ಮುಂಚೆ ಒಂದು ಬಾಟಲಿ ಐಸು ಹೆಚ್ಚಿಗೆ ಹಾಕಿದ್ರೆ ಅದೂ ಏರಲ್ಲ. ಬೆಳಗ್ಗೆ ಕರೆದ ಬಿಸಿ ಹಾಲನ್ನ ಮಾತ್ರ ಈ ಕ್ಯಾನಿಗೆ ಸುರೀಬೇಡಿ. ಅರ್ಧಕ್ಕರ್ಧ ಬೆರೆಸಿದ್ರೆ ಎಲ್ಲಾ 20 ಡಿಗ್ರಿ ಆಗತ್ತೆ, ರಾತ್ರಿ ಪಟ್ಟ ಪಾಡೆಲ್ಲಾ ನೀರಲ್ಲಿ ಹೋಮ.

ತಂಪು ಬ್ಯಾಕ್ಟೀರಿಯಾನ ಕೊಲ್ಲಲ್ಲ, ಬರೀ ಕಟ್ಟಿ ಹಾಕತ್ತೆ. 4 ಸಾವಿರದಿಂದ ಶುರು ಆದ ಹಾಲಿಗೆ ಹೇಳಿದ ಲೆಕ್ಕ 5 ಲಕ್ಷದಿಂದ ಶುರು ಆದ ಹಾಲಿಗೆ ನಡೆಯಲ್ಲ. ನಮ್ಮ ಅನುಭವದಲ್ಲಿ ದೊಡ್ಡ ಕಳ್ಳ ಅಂದ್ರೆ ನಿನ್ನೆಯ ಕ್ಯಾನು, ಮುಚ್ಚಳದ ರಬ್ಬರಿನ ಸಂದು. ತೊಳೆಯೋವಾಗ ಮೊದಲು ತಣ್ಣೀರು, ಆಮೇಲೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರು ಮತ್ತೆ ಬ್ರಷ್ಷು. ಮೊದಲೇ ಬಿಸಿನೀರು ಹಾಕಿದ್ರೆ ಹಾಲು ಗೋಡೆಗೇ ಬೆಂದು ಕಚ್ಕೊಳತ್ತೆ. ಆಮೇಲೆ ಬೋರಲು ಹಾಕಿ ಒಣಗಿಸಬೇಕು, ಒಳಗೆ ಒದ್ದೆ ಇಟ್ಟು ಮುಚ್ಚಳ ಬಿಗಿದ ಕ್ಯಾನು ಅಂದ್ರೆ ಬ್ಯಾಕ್ಟೀರಿಯಾದ ನರ್ಸರಿ. ಕೆಚ್ಚಲು ಬಾವು ಇರೋ ಹಸುವಿನ ಹಾಲನ್ನ ಇದಕ್ಕೆ ಸೇರಿಸೋ ಪ್ರಶ್ನೇನೇ ಇಲ್ಲ, ಪ್ರತಿ ಮೊಲೆಯ ಮೊದಲ ನಾಲ್ಕು ಧಾರೆ ಹಾಲನ್ನ ಕಪ್ಪು ಬಟ್ಟಲಿಗೆ ಕರೆದು ಗಡ್ಡೆ ಇದೆಯಾ ನೋಡಿ.

ಸರಿಯಾಗಿ ಆಗಿದೆಯಾ ಅಂತ ತಿಳಿಯೋಕೆ ಬೆಳಗ್ಗೆ ಗಾಡಿಗೆ ಹಾಕೋ ಮುಂಚೆ ಒಂದು ಸ್ಟೀಲ್ ಸೌಟಲ್ಲಿ ಎರಡು ಚಮಚ ಹಾಲು ಕುದಿಸಿ, ಓರೆ ಮಾಡಿ ನೋಡಿ. ಗೋಡೆ ಮೇಲೆ ರವೆ ರವೆ ಕಂಡ್ರೆ ಆ ಕ್ಯಾನ್ ಕಳಿಸಬೇಡಿ, ಎರಡನ್ನೂ ಬೇರೆ ಬೇರೆ ಕುದಿಸಿ ನೋಡ್ಬೇಕು, ಒಂದು ಕೆಟ್ಟಿರಬಹುದು ಇನ್ನೊಂದು ಚೆನ್ನಾಗಿರಬಹುದು. ಇದು ಕೆಟ್ಟ ಮೇಲೆ ಗೊತ್ತಾಗೋ ಟೆಸ್ಟು. ಕೆಡೋ ದಾರೀಲಿ ಇದೆಯಾ ಅಂತ ತಿಳೀಬೇಕಂದ್ರೆ ಡೈರಿಯವರು ಮಾಡೋ ನೀಲಿ ಬಣ್ಣದ ಟೆಸ್ಟಿದೆ, ಎಂಬಿಆರ್‌ಟಿ ಅಂತಾರೆ. ಹಾಲಿಗೆ ಒಂದು ನೀಲಿ ಹನಿ ಹಾಕಿ 37 ಡಿಗ್ರೀಲಿ ಇಡ್ತಾರೆ, ಬ್ಯಾಕ್ಟೀರಿಯಾ ಆಮ್ಲಜನಕ ಮುಗಿಸಿದಂಗೆ ನೀಲಿ ಹೋಗಿ ಬಿಳಿ ಆಗತ್ತೆ. ಐದು ಗಂಟೆ ಮೇಲೆ ನೀಲಿ ನಿಂತ್ರೆ ತುಂಬಾ ಒಳ್ಳೇ ಹಾಲು, ಅರ್ಧ ಗಂಟೇಲೇ ಬಿಳಿ ಆದ್ರೆ ಕೆಟ್ಟದ್ದು. ಥರ್ಮಾಮೀಟರ್ ಕೊಟ್ಟ ಆ ಡೈರಿ ಹುಡುಗನ್ನ ಕೇಳ್ಕೊಂಡು ನಮ್ಮದನ್ನ ಒಂದೇ ದಿನ ಎರಡು ಥರ ಮಾಡಿ ಟೆಸ್ಟ್ ಮಾಡ್ಸಿದೆ: ಒಂದು ಕ್ಯಾನ್ ನೇರ ಫ್ರಿಜ್ಜಿಗೆ, ಒಂದು ಟಬ್ಬಿಂದ ಫ್ರಿಜ್ಜಿಗೆ. ಫ್ರಿಜ್ಜಿಂದು ಮುಕ್ಕಾಲು ಗಂಟೇಲಿ ಬಿಳಿ, ಟಬ್ಬಿಂದು ನಾಲ್ಕೂವರೆ ಗಂಟೆ ನಿಲ್ತು. ಒಂದೇ ಸಲದ ಲೆಕ್ಕ ಅದು, ಆದ್ರೂ ಅಮ್ಮ ಅವತ್ತಿಂದ ಕದಡೋದು ಮರೆತಿಲ್ಲ.

ಕರೆದ ಒಂದು ಗಂಟೇಲಿ ಡೈರಿಗೆ ಹಾಲು ಹಾಕೋರಿಗೆ ಇದ್ಯಾವುದೂ ಬೇಕಾಗಿಲ್ಲ, ಅಲ್ಲಿಂದ ಮುಂದಿನದನ್ನ ಅವರ ಕೂಲರ್ ನೋಡ್ಕೊಳತ್ತೆ, ಗಾಡಿ ಲೇಟಾಗೋ ದಿನ ತೊಟ್ಟಿ ನೀರಲ್ಲಿ ಇಳಿಸಿದ್ರೆ ಸಾಕು. ಇನ್ನು ಐಸೂ ಇಲ್ಲ, ಕರೆಂಟೂ ಇಲ್ಲ ಅನ್ನೋ ದಿನ ಬಂದೇ ಬರತ್ತೆ. ಮಾರ್ಚ್-ಏಪ್ರಿಲ್‌ನ ಒಣ ಗಾಳೀಲಿ ಕ್ಯಾನಿಗೆ ಒದ್ದೆ ಗೋಣಿ ಸುತ್ತಿ ಗಾಳಿಗಿಟ್ಟು ನೀರು ಚಿಮುಕಿಸ್ತಾ ಇದ್ರೆ 24-25ರವರೆಗೆ ಬರತ್ತೆ, ಮಳೆಗಾಲದಲ್ಲಿ ಅದೂ ಇಲ್ಲ. ಆ 24ರಲ್ಲಿ ಹಾಲು ಬೆಳಗ್ಗೆವರೆಗೆ ನಿಲ್ಲಲ್ಲ, ಎಷ್ಟೇ ಗೋಣಿ ಸುತ್ತಿದ್ರೂ. ಅಂಥ ದಿನ ನಾನು ಏಳು ಗಂಟೆಗೇ ಅಂಗಡಿಗೆ ಫೋನ್ ಮಾಡಿ ನಾಳೆ ಹಾಲಿಲ್ಲ ಅಂತ ಹೇಳ್ಬಿಡ್ತೀನಿ, ಅಮ್ಮ ದೊಡ್ಡ ಪಾತ್ರೇಲಿ ಕಾಯಿಸಿ ಹೆಪ್ಪು ಹಾಕ್ತಾರೆ, ಬೆಳಗ್ಗೆ ಮೊಸರಾಗಿ ಊರಲ್ಲೇ ಖರ್ಚಾಗತ್ತೆ.